ಬಿಲ್ಲಿನ ಕೆಳಗೆ ಒಂದು ಸಾಲು: ಹಳೇ ಗಿರಾಕಿಗೆ ಬಡ್ಡಿಯ ಮಾತು ಹೇಳಿದ್ದು

ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ತಂದೆ ಕಟ್ಟಿದ ರಟ್ಟಿನ ಪೆಟ್ಟಿಗೆ ಘಟಕವನ್ನು ಆರು ವರ್ಷದಿಂದ ನಡೆಸುತ್ತಿದ್ದಾರೆ. ಹನ್ನೊಂದು ಜನ ಕೆಲಸಗಾರರು. ಅಗರಬತ್ತಿ ಮಾಡುವ ಒಂದು ಹಳೇ ಮನೆತನದ ಕಂಪನಿ ಅವರ ದೊಡ್ಡ ಗಿರಾಕಿ. ಮಾಲಿನಲ್ಲಿ ಐದರಲ್ಲಿ ಎರಡು ಪಾಲು ಅಲ್ಲಿಗೇ ಹೋಗುತ್ತದೆ.

ನನ್ನ ಹತ್ತಿರ ಬಂದಾಗ ಆಕೆಯ ಕೈಯಲ್ಲಿ ಒಂದು ಬಿಲ್ ಇತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 30 ದಿನ ಮೀರಿದರೆ ವರ್ಷಕ್ಕೆ 24% ಬಡ್ಡಿ ಹಾಕಲಾಗುವುದು ಅಂತ ಇತ್ತು. ಅದನ್ನು ಕಳಿಸಿದ ಮಾರನೇ ದಿನವೇ ಕಂಪನಿಯ ಯಜಮಾನರು ಫೋನ್ ಮಾಡಿದ್ದರಂತೆ. "ಏನಮ್ಮಾ, ನಿಮ್ಮಪ್ಪ ಇದ್ದಾಗಿಂದ ಬರ್ತಿದೀವಿ. ಈಗ ನಮ್ಮ ಹತ್ರಾನೇ ಬಡ್ಡಿನಾ?"

ಆಕೆ ಕ್ಷಮೆ ಕೇಳಿ, "ಕಂಪ್ಯೂಟರಿನವನು ತಪ್ಪಾಗಿ ಹಾಕಿದ್ದಾನೆ ಅಂಕಲ್" ಎಂದು ಸುಳ್ಳು ಹೇಳಿ ಫೋನ್ ಇಟ್ಟಿದ್ದರು. ಆಮೇಲೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಒಂದು ಕಡೆ ಗಿರಾಕಿ ಕೈಬಿಟ್ಟರೆ ಎಂಬ ಭಯ, ಇನ್ನೊಂದು ಕಡೆ ತನ್ನದೇ ದುಡ್ಡು ಕೇಳಲು ಸುಳ್ಳು ಹೇಳಬೇಕಾಯಿತಲ್ಲ ಎಂಬ ಸಿಟ್ಟು.

ತಮಾಷೆ ಅಂದರೆ, ಈ 24%ರ ಸಾಲು ಹೊಸದೇನಲ್ಲ. ತಂದೆಯ ಕಾಲದ ಅಚ್ಚು ಹಾಕಿಸಿದ ಬಿಲ್ ಪುಸ್ತಕದಲ್ಲೂ ಸಣ್ಣ ಅಕ್ಷರದಲ್ಲಿ ಇತ್ತು. ಯಾರೂ ಓದಲಿಲ್ಲ, ಯಾರೂ ಕೇಳಲಿಲ್ಲ. ಕಂಪ್ಯೂಟರಿಗೆ ಬಂದಾಗ ಅದು ಬಿಟ್ಟುಹೋಯಿತು. ಈಗ ದಪ್ಪವಾಗಿ, ಏನೂ ಹೇಳದೆ ಮರಳಿದ್ದೇ ನೋವಾಗಿದ್ದು. ಬಿಲ್ ಎನ್ನುವುದು ವ್ಯವಹಾರ ಮುಗಿದ ಮೇಲೆ ಹೋಗುವ ಕಾಗದ. ಆರ್ಡರ್ ಆಗಿದೆ, ಮಾಲು ಇಳಿದಿದೆ, ಆಮೇಲೆ ಒಬ್ಬರೇ ಕೂತು ಒಂದು ಷರತ್ತು ಬರೆದು ಕಳಿಸಿದರೆ ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಎಲ್ಲಿದೆ? ಕಾನೂನಿನಲ್ಲೂ ಅದು ಜಗಳಕ್ಕೆ ದಾರಿ. ಹಾಗಾಗಿ ಮೊದಲ ಮಾತು ಇಷ್ಟೇ ಹೇಳಿದೆ: ಬಿಲ್ಲಿನ ಸಾಲು ಕೊನೆಯ ಹೆಜ್ಜೆ. ಅದಕ್ಕೆ ಮುಂಚೆ ಮಾತು, ಆಮೇಲೆ ಒಂದು ಪತ್ರ.

ಆದರೆ ಮಾತಿಗೆ ಹೋಗುವ ಮುನ್ನ ಖಾತೆ ನೋಡಬೇಕಿತ್ತು. ಹಿಂದಿನ ಹನ್ನೆರಡು ಬಿಲ್ ತೆಗೆದು ಕೂತೆವು. ದುಡ್ಡು ಸರಾಸರಿ 78ನೇ ದಿನಕ್ಕೆ ಬಂದಿತ್ತು. ತೀರಾ ತಡವಾದ ಆರು ಬಿಲ್‌ಗಳ ಕತೆ ಕೇಳಿದಾಗ ಬೇರೆಯೇ ವಿಷಯ ಹೊರಬಿತ್ತು. ಎರಡು ಬಿಲ್‌ಗಳನ್ನು ಲಾರಿ ಡ್ರೈವರ್ ಕೈಲಿ ಕೊಟ್ಟಿದ್ದರು. ಅವು ಗೇಟಿನ ಸೆಕ್ಯುರಿಟಿ ಮೇಜಿನ ಮೇಲೆ ವಾರಗಟ್ಟಲೆ ಕೂತಿದ್ದವು. ಇನ್ನು ಮೂರರಲ್ಲಿ ರೇಟಿನ ವ್ಯತ್ಯಾಸ. ಪೇಪರ್ ದರ ಏರಿದಾಗ ಆಕೆ ಫೋನಿನಲ್ಲಿ ಹೇಳಿ ಹೊಸ ರೇಟು ಹಾಕಿದ್ದರು, ಅಕೌಂಟ್ಸ್‌ನವರಿಗೆ ಅದು ಗೊತ್ತೇ ಇಲ್ಲ. ಅಂದರೆ ಆರರಲ್ಲಿ ಒಂದು ಮಾತ್ರ ಸುಮ್ನೆ ತಡ. ಬರೀ ಬಡ್ಡಿ ಸಾಲು ಹಾಕಿದ್ದರೆ ಉಳಿದ ಐದಕ್ಕೂ ವಾದ ನಡೆಯುತ್ತಿತ್ತು, ಅದೂ ಅವರದೇ ಸರಿ ಎನ್ನುವ ಹಾಗೆ.

ಆಕೆಗೆ ಇದು ಸ್ವಲ್ಪ ಚುಚ್ಚಿತು. "ಹಾಗಾದ್ರೆ ತಪ್ಪು ನನ್ನದೇನಾ ಸಾರ್?" ಎಂದರು. ತಪ್ಪಿನ ಮಾತಲ್ಲ. ಆಕೆ ಪೇಪರ್ ಡೀಲರಿಗೆ 30 ದಿನಕ್ಕೆ ಕೊಡಬೇಕು. ಗಿರಾಕಿ ಕೊಡಲಿ ಬಿಡಲಿ, ಬಿಲ್ ಮಾಡಿದ ತಿಂಗಳ ಜಿಎಸ್‌ಟಿಯನ್ನು ಮುಂದಿನ ತಿಂಗಳು ಕಟ್ಟಲೇಬೇಕು. ನಡುವಿನ ಅಂತರವನ್ನು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ತುಂಬುತ್ತಿತ್ತು, 11% ಬಡ್ಡಿಗೆ. 3,60,000 ರೂಪಾಯಿಯ ಒಂದು ಬಿಲ್ 40 ದಿನ ತಡವಾದರೆ ಆಕೆ ಬ್ಯಾಂಕಿಗೆ ಕಟ್ಟುವುದು ಸುಮಾರು 4,340 ರೂಪಾಯಿ. ಈ ಒಂದು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿದೆ. ಯಜಮಾನರ ಮುಂದೆ "ಕಷ್ಟ ಆಗ್ತಿದೆ" ಎನ್ನುವುದಕ್ಕಿಂತ ಇದು ಸುಲಭ, ಮರ್ಯಾದೆಯದ್ದು ಕೂಡ. ಬಡ್ಡಿ ಎಂಬ ಪದಕ್ಕೆ ನಮ್ಮಲ್ಲಿ ಸಾಲ ಕೊಟ್ಟು ಸುಲಿಯುವವನ ವಾಸನೆ ಇದೆ. ತಾನು ಕಟ್ಟುತ್ತಿರುವ ಬಡ್ಡಿಯನ್ನೇ ತೋರಿಸಿದರೆ ಆ ವಾಸನೆ ಹೋಗುತ್ತದೆ.

ಈಗ ಕಾನೂನಿನ ಮಾತು. ಆಕೆಯ ಘಟಕ ಸರ್ಕಾರದ ಸಣ್ಣ ಉದ್ಯಮಗಳ ಪಟ್ಟಿಯಾದ ಉದ್ಯಮ್‌ನಲ್ಲಿ ನೋಂದಣಿಯಾಗಿದೆ, ತಯಾರಿಕೆಯ ಸಣ್ಣ ಘಟಕ. ಇಂಥವರಿಗೆ ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆ ರಕ್ಷಣೆ ಕೊಡುತ್ತದೆ. ಲಿಖಿತ ಒಪ್ಪಂದ ಇದ್ದರೆ ಅದರಲ್ಲಿನ ಗಡುವು, ಆದರೆ ಅದು 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬ್ಯಾಂಕ್ ದರ 6% ಎಂದಿಟ್ಟುಕೊಂಡರೆ ಇದು 18% ಆಗುತ್ತದೆ.

ಇವರಿಬ್ಬರ ನಡುವೆ ಕಾಗದವೇ ಇರಲಿಲ್ಲ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲಿ, "5000 ಬಾಕ್ಸ್ ಕಳಿಸಿ" ಅಂತ. ಎರಡು ತಿಂಗಳು ಮಾಮೂಲು ಎಂದು ಇಬ್ಬರೂ ಅಂದುಕೊಂಡಿದ್ದರು. ಕಾಯ್ದೆಯ ಪ್ರಕಾರ ಗಡುವು 15 ದಿನ!

ಇದು ಆಕೆಗೆ ಸಿಕ್ಕ ಕೀಲಿ. ಆದರೆ ಬೆದರಿಸಲು ಅಲ್ಲ. ಆದಾಯ ತೆರಿಗೆಗೆ 2023ರ ಹಣಕಾಸು ಕಾಯ್ದೆ 43ಬಿ(ಎಚ್) ಎಂಬ ನಿಯಮ ಸೇರಿಸಿತು. ಅತಿಸಣ್ಣ, ಸಣ್ಣ ಘಟಕಗಳಿಗೆ ಕೊಡಬೇಕಾದ ಹಣ ಆ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ, ಖರೀದಿದಾರರು ಅದನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಕಾಗದವಿಲ್ಲದೆ 15 ದಿನದ ಗಡುವಿದ್ದರೆ ಮಾರ್ಚ್ ಮೊದಲ ವಾರದ ಬಿಲ್ ಕೂಡ ಈ ಬಲೆಗೆ ಬೀಳುತ್ತದೆ. 45 ದಿನ ಎಂದು ಬರೆದುಕೊಂಡರೆ ಮಾರ್ಚ್‌ನ ಬಿಲ್‌ಗಳು ಗಡುವಿನ ಒಳಗೇ ಇರುತ್ತವೆ. ಅಂದರೆ ಪತ್ರಕ್ಕೆ ಸಹಿ ಹಾಕಿದರೆ ಅವರಿಗೂ ಲಾಭ. ಆಕೆ ಬಡ್ಡಿ ಕೇಳಲು ಹೋಗುತ್ತಿಲ್ಲ, 30 ದಿನ ಜಾಸ್ತಿ ಬರೆದು ಕೊಡಲು ಹೋಗುತ್ತಿದ್ದಾರೆ. ಬಡ್ಡಿಯ ಸಾಲು ಅದರ ಜೊತೆಗೆ ಬರುತ್ತದೆ.

ಜನವರಿ ಕೊನೆಯಲ್ಲಿ ಹೋಗಿ ಎಂದೆ. ಏಪ್ರಿಲ್ ಒಂದಕ್ಕೆ ಹೊಸ ಬಿಲ್ ನಂಬರು ಶುರುವಾಗುತ್ತದೆ, ಆಗ ಹೊಸ ನಿಯಮ ಬಂದರೆ ಯಾರಿಗೂ ಚುಚ್ಚುವುದಿಲ್ಲ. ಮೊದಲು ಯಜಮಾನರನ್ನೇ ನೋಡಬೇಕು, ಮಗನನ್ನಲ್ಲ. ಹಾಗೇ ಆ ಸುಳ್ಳನ್ನು ಸರಿಮಾಡಬೇಕು. ಇದಕ್ಕೆ ಆಕೆ ತುಂಬಾ ಹಿಂಜರಿದರು. ಎರಡು ಸಲ ನನ್ನ ಎದುರೇ ಹೇಳಿ ನೋಡಿದರು. ಕೊನೆಗೆ ಹೇಳಿದ್ದು ಹೀಗೆ:

"ಅಂಕಲ್, ಆ ಸಾಲು ಕಂಪ್ಯೂಟರಿನವನು ಹಾಕಿದ್ದಲ್ಲ, ನಾನೇ ಹಾಕಿದ್ದು. ನಿಮ್ಮನ್ನ ಕೇಳದೆ ಹಾಕಿದ್ದು ತಪ್ಪು. ಆದ್ರೆ ನನಗೆ ಒಂದು ವ್ಯವಸ್ಥೆ ಬೇಕು. ಹಳೇ ಬಿಲ್ಲಿಗೆ ಒಂದು ರೂಪಾಯಿ ಬಡ್ಡಿ ಇಲ್ಲ. ಏಪ್ರಿಲ್‌ನಿಂದ ಹೇಗೆ ಮಾಡೋದು ಅಂತ ಮಾತಾಡೋಣ."

ಕೇಳಿದ ರೀತಿಗೆ ಕ್ಷಮೆ, ಕೇಳಿದ ವಿಷಯಕ್ಕೆ ಅಲ್ಲ. ಈ ಎರಡನ್ನು ಬೇರೆ ಮಾಡಲು ನಮ್ಮ ಮೂರು ಭೇಟಿಗಳಲ್ಲಿ ಒಂದು ಪೂರ್ತಿ ಹೋಯಿತು.

ಯಜಮಾನರು ಸುಮ್ಮನೆ ಕೇಳಿ, "ಮಗನ ಹತ್ರ ಮಾತಾಡಮ್ಮ" ಎಂದರಂತೆ. ಮಗ ಆ ಹಾಳೆ ನೋಡಿ, 45 ದಿನದ ಪತ್ರದ ಮಾತು ಕೇಳಿ ಅಲ್ಲೇ ಆಡಿಟರಿಗೆ ಫೋನ್ ಹಚ್ಚಿದರು. ಆಡಿಟರ್ ಹೇಳಿದ್ದು, ಇದನ್ನು ಹೋದ ವರ್ಷವೇ ಬರೆಸಿಕೊಳ್ಳಬೇಕಿತ್ತು ಅಂತ.

ಪತ್ರ ಒಂದೇ ಪುಟ. ಗಡುವು 45 ದಿನ, ಎಣಿಕೆ ಮಾಲು ಇಳಿದ ದಿನದಿಂದ. ಬಿಲ್ ಅದೇ ದಿನ ಅಕೌಂಟ್ಸ್‌ನ ಇಮೇಲಿಗೆ ಹೋಗಬೇಕು, ಡ್ರೈವರ್ ಕೈಲಿ ಹೋಗುವುದು ಬರೀ ನಕಲು. ರೇಟು ಬದಲಾದರೆ ಆರ್ಡರಿಗೆ ಮುಂಚೆ ಬರಹದಲ್ಲಿ. ಮಾಲಿನ ಬಗ್ಗೆ ತಕರಾರು ಇದ್ದರೆ 15 ದಿನದೊಳಗೆ ಬರಹದಲ್ಲಿ ಹೇಳಬೇಕು, ಅದು ಬಗೆಹರಿಯುವ ತನಕ ಆ ಭಾಗಕ್ಕೆ ದಿನ ಎಣಿಸುವುದಿಲ್ಲ. ಈ 15 ದಿನ ಕಾಯ್ದೆಯಲ್ಲೂ ಇದೆ, ಬೇರೆ ಸಂಖ್ಯೆ ಹಾಕಿ ಗೊಂದಲ ಮಾಡಬೇಡಿ ಎಂದಿದ್ದೆ. ಇಬ್ಬರ ಸಹಿ. ಇಷ್ಟಾದ ಮೇಲೆ ಬಿಲ್ಲಿನಲ್ಲಿ ಉದ್ಯಮ್ ನಂಬರಿನ ಕೆಳಗೆ, ಮಾಮೂಲಿ ಅಕ್ಷರದಲ್ಲೇ ಈ ಸಾಲು ಬಂತು:

"ಪಾವತಿ ಮಾಲು ತಲುಪಿದ 45 ದಿನದೊಳಗೆ. ನಂತರ ತಕರಾರಿಲ್ಲದ ಬಾಕಿಗೆ ವರ್ಷಕ್ಕೆ 12% ಸರಳ ಬಡ್ಡಿ, ತಡವಾದ ದಿನಗಳಿಗೆ ಮಾತ್ರ, ನಮ್ಮ ಒಪ್ಪಂದ ಪತ್ರದಂತೆ."

12% ಯಾಕೆ ಎಂದು ಆಕೆ ಕೇಳಿದ್ದರು, 24 ಬರೆಯಬಹುದಲ್ಲ? ಬ್ಯಾಂಕಿಗೆ 11 ಕಟ್ಟುವವರು 12 ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. 24 ಕೇಳಿದರೆ ಅದು ದಂಡ. ದಂಡದ ದರ ಕೋರ್ಟಿಗೆ ಹೋದರೂ ಪೂರ್ತಿ ನಿಲ್ಲುವ ಖಾತ್ರಿ ಇಲ್ಲ. ಇನ್ನೊಂದು ವಿಷಯವನ್ನೂ ಹೇಳಿದೆ. ಪತ್ರದಲ್ಲಿ 12% ಬರೆದ ಮಾತ್ರಕ್ಕೆ ಕಾಯ್ದೆಯ ದರದ ಹಕ್ಕು ಹೋಗುವುದಿಲ್ಲ, ಒಪ್ಪಂದ ಏನೇ ಹೇಳಿದರೂ ಆ ದರ ಅನ್ವಯ ಎಂದೇ ಕಾಯ್ದೆಯಲ್ಲಿದೆ. ಇದನ್ನು ಬಚ್ಚಿಟ್ಟು ಸಹಿ ಹಾಕಿಸಬೇಡಿ, ಮಗನಿಗೆ ಬಾಯಲ್ಲಿ ಹೇಳಿಬಿಡಿ ಎಂದೆ. ಆಕೆ ಹೇಳಿದರು. ಅವರಿಗೆ ಆಡಿಟರ್ ಮೊದಲೇ ಹೇಳಿದ್ದರು.

ನನ್ನ ಅನುಭವದಲ್ಲಿ ಇಂಥ ಸಾಲು ಸಾಯುವುದು ಮೊದಲ ತಡಕ್ಕೆ. ಮೇ ತಿಂಗಳ ಒಂದು ಬಿಲ್, ಅದೇ 3,60,000ದ್ದು, ಎಂಟು ದಿನ ತಡವಾಯಿತು. ಬಡ್ಡಿ 947 ರೂಪಾಯಿ. ಆಕೆಯ ಫೋನ್ ಬಂತು: "ಬಿಟ್ಬಿಡ್ಲಾ ಸಾರ್? ಇಷ್ಟಕ್ಕೆ ಯಾಕೆ?" ಬಿಡಿ, ಆದರೆ ತೋರಿಸಿ ಬಿಡಿ ಎಂದೆ. ಸುಮ್ಮನೆ ಬಿಟ್ಟರೆ ಬಿಲ್ ಪುಸ್ತಕದ ಆ ಹಳೇ 24%ರ ಗತಿಯೇ ಇದಕ್ಕೂ. ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ, 8 ದಿನ, ರೂ. 947, ಈ ಸಲ ಬಿಟ್ಟಿದೆ ಎಂದು ಒಂದು ಸಾಲು ಹೋಯಿತು. ಬಡ್ಡಿಗೆ ಡೆಬಿಟ್ ನೋಟ್ ಎಂಬ ಬೇರೆ ಕಾಗದ ಮಾಡಬೇಡಿ ಎಂದಿದ್ದೆ. ತಡದ ಬಡ್ಡಿಗೂ ಜಿಎಸ್‌ಟಿ ಇದೆ, ಆದರೆ ಹಣ ಕೈಗೆ ಬಂದಾಗ ಮಾತ್ರ ಕಟ್ಟಬೇಕು. ಬಿಡುವ ಹಣಕ್ಕೆ ಕಾಗದ ಮಾಡಿ, ಮತ್ತೆ ರದ್ದು ಮಾಡುವ ತಲೆನೋವು ಯಾಕೆ?

ಇಷ್ಟೆಲ್ಲ ಆಗಿದ್ದು ಎದುರಿಗೆ ಕೂರಿಸಿ ಮಾತಾಡುವ ಯಜಮಾನರಿದ್ದ ಕಾರಣಕ್ಕೆ ಎನ್ನುವುದನ್ನೂ ಹೇಳಬೇಕು. ಇನ್ನೂರು ಜನ ಸಪ್ಲೈಯರ್ ಇರುವ ದೊಡ್ಡ ಕಂಪನಿ ನಮ್ಮ ಪತ್ರಕ್ಕೆ ಸಹಿ ಹಾಕುವುದಿಲ್ಲ, ಅವರದೇ ಪರ್ಚೇಸ್ ಆರ್ಡರಿನ ಷರತ್ತು ಇರುತ್ತದೆ. ಅಲ್ಲಿ ಉದ್ಯಮ್ ನಂಬರ್ ಪ್ರತಿ ಬಿಲ್ಲಿನಲ್ಲೂ ಕಾಣುವಂತೆ ಹಾಕಿ, ಅವರ ವೆಂಡರ್ ದಾಖಲೆಯಲ್ಲಿ ಅದು ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳುವುದೇ ಮೊದಲ ಕೆಲಸ. ಬರೀ ವ್ಯಾಪಾರ ಮಾಡುವವರಿಗೆ, ಅಂದರೆ ಕೊಂಡು ಮಾರುವವರಿಗೆ, ಉದ್ಯಮ್ ನೋಂದಣಿ ಇದ್ದರೂ ಈ ತಡಪಾವತಿ ರಕ್ಷಣೆಯನ್ನು ನಂಬಿ ಕೂರಬೇಡಿ ಎನ್ನುತ್ತೇನೆ.

ಅಷ್ಟೇ ಮೊತ್ತದ ಜುಲೈ ಬಿಲ್ 18 ದಿನ ತಡವಾಯಿತು. ಈ ಸಲ ಆಕೆ ಬಿಡಲಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ 2,130 ರೂಪಾಯಿ ಬರೆದು ಕಳಿಸಿ, ಫೋನ್ ಪಕ್ಕದಲ್ಲೇ ಕೂತಿದ್ದರಂತೆ. ಸಂಜೆ ಯಜಮಾನರದ್ದೇ ಕರೆ. "ಆ ಬಡ್ಡಿಗೆ ಜಿಎಸ್‌ಟಿ ಸೇರಿಸಿ ಸರಿಯಾಗಿ ಕಾಗದ ಕಳಿಸಮ್ಮ. ಇಲ್ಲದಿದ್ರೆ ಆಡಿಟರ್ ನನಗೆ ಬೈತಾರೆ. ಮತ್ತೆ ದೀಪಾವಳಿ ಆರ್ಡರು ಈ ಸಲ ಸ್ವಲ್ಪ ಬೇಗ ಬೇಕು."