ಅಂಗಡಿ ಫೋಟೊದಲ್ಲಿ ಹೊಸ ಬೋರ್ಡ್: ಶಟರ್ ಅಳತೆಯಿಂದ ಶುರು ಮಾಡಿ

“ಗಂಗಾವತಿಯ ಕಿರಾಣಿ ಅಂಗಡಿ ಫೋಟೊ ಮೇಲೆ ಹೊಸ ಬೋರ್ಡ್ ಕೂರಿಸಿ ತೋರಿಸಿದೆ. ಅಂಟಿಸಿದ ಹಾಗಿದೆ, ಅಳತೆ ನಂಬೋಕಾಗಲ್ಲ ಅಂತಾರೆ ಮಾಲೀಕರು. ಏನು ಮಾಡಲಿ?”

ಮೊದಲು ಟೇಪ್ ಹಿಡಿದು ಶಟರ್ ಅಗಲ ಅಳೆಯಿರಿ ಸರ್. ಆಮೇಲೆ ರಸ್ತೆಯ ಆಚೆ, ಅಂಗಡಿಗೆ ನೇರ ಎದುರು ನಿಂತು ಫೋಟೊ ತೆಗೆಯಿರಿ. 10 ಅಡಿ ಶಟರ್ ಫೋಟೊದಲ್ಲಿ 1500 ಪಿಕ್ಸೆಲ್ ಬಂದರೆ ಅಡಿಗೆ 150 ಆಯ್ತು. ಅಂದರೆ 12 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ 1800ಕ್ಕೆ 450 ಪಿಕ್ಸೆಲ್. ಬಳ್ಳಾರಿಯಲ್ಲಿ ಒಮ್ಮೆ ಸುಮ್ನೆ ಕಣ್ಣಂದಾಜಿನಲ್ಲಿ ಕೂರಿಸಿ ಒಪ್ಪಿಗೆ ತಗೊಂಡಿದ್ದೆ. ಬೋರ್ಡ್ ಬಂದ ಮೇಲೆ ಪಕ್ಕದವರ ಗೋಡೆಗೆ ಅರ್ಧ ಅಡಿ ಚಾಚಿಕೊಂಡಿತ್ತು!

ಕರೆಂಟ್ ಕಂಬ ಅಡ್ಡ ಬಂದು ಓರೆಯಾಗಿ ತೆಗೆಯಬೇಕಾದರೆ ಈ ಲೆಕ್ಕ ನಡೆಯಲ್ಲ, ಹತ್ತಿರದ ತುದಿ ದೊಡ್ಡದಾಗಿ ಕಾಣುತ್ತದೆ. ಆಗ ಬೋರ್ಡ್ ಬರುವ ನಾಲ್ಕು ಮೂಲೆಗೂ ಗೋಡೆ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಫೋಟೊ ತೆಗೆಯಿರಿ. ಫೋಟೊಶಾಪ್‌ನಲ್ಲಿ Edit > Transform > Distort ಒತ್ತಿ, ಡಿಸೈನಿನ ಮೂಲೆಗಳನ್ನು ಆ ಗುರುತುಗಳಿಗೆ ಎಳೆಯಿರಿ.

ಅಂಟಿಸಿದ ಹಾಗೆ ಕಾಣೋದು ಜಾಸ್ತಿ ಬಿಳಿ ಬಣ್ಣದಿಂದ. ಡಿಸೈನಿನ ಬಿಳಿಯನ್ನು ಫೋಟೊದಲ್ಲಿರುವ ಬಿಳಿ ಗೋಡೆಯಷ್ಟೇ ಮಂಕು ಮಾಡಿ. ಮೇಲಿನ ಸಜ್ಜಾ ನೆರಳು ಬೋರ್ಡ್ ಮೇಲೂ ಬೀಳಬೇಕಲ್ವಾ? ಅಲ್ಲಿ ಬೂದು ಬಣ್ಣದ ಲೇಯರ್ ಹಾಕಿ Multiply ಇಡಿ.