ಬಂದರಿನ ತಡಕ್ಕೆ ಶಿಪ್ಪಿಂಗ್ ಲೈನ್ ಡಿಟೆನ್ಷನ್ ಬಿಲ್ ಹಾಕಿದರೆ ಎಷ್ಟು ಕಡಿಮೆ ಮಾಡಿಸಬಹುದು?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮ ರೈಸ್ ಮಿಲ್ ಇದೆ. ಚೀನಾದಿಂದ ಕಲರ್ ಸಾರ್ಟರ್ ತರಿಸಿದ್ವಿ, ಒಂದು 40 ಅಡಿ ಕಂಟೇನರ್, ಚೆನ್ನೈ ಮೂಲಕ. 2ನೇ ತಾರೀಖು ಹಡಗಿನಿಂದ ಇಳಿಯಿತು. 4ರಿಂದ 7ರವರೆಗೆ ಮಳೆಗೆ ಬಂದರಿನ ಗೇಟ್ ಬಂದ್. 10ರಿಂದ 12 ಕಸ್ಟಮ್ಸ್ ಪರೀಕ್ಷೆ, ತಪ್ಪೇನೂ ಸಿಗಲಿಲ್ಲ. 20ಕ್ಕೆ ಖಾಲಿ ಕಂಟೇನರ್ ಒಯ್ದರೆ ಯಾರ್ಡ್ ಫುಲ್ ಅಂದರು, 22ಕ್ಕೆ ತಗೊಂಡರು. ಲೈನಿನ ಕಂಟೇನರ್ ಇಟ್ಟುಕೊಳ್ಳಲು ಫ್ರೀ 7 ದಿನ, ಆಮೇಲೆ 14 ದಿನಕ್ಕೆ 840 ಡಾಲರ್ ಡಿಟೆನ್ಷನ್ ಬಿಲ್ (ಮೊದಲ 7 ದಿನ ದಿನಕ್ಕೆ 40, ನಂತರ 80). ತಡ ನಮ್ಮದಲ್ಲ, ಆದರೂ ಕಟ್ಟಬೇಕಾ?

ಉತ್ತರ:

ನಾನು ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಘಟಕಗಳಿಗೆ ಮಷಿನ್ ತರಿಸುವ ಕಾಗದಪತ್ರದ ಕೆಲಸ ಮಾಡುತ್ತೇನೆ. ಇಂಥ ಬಿಲ್ ನಮಗೂ ಬರುತ್ತವೆ.

"ತಡ ನಮ್ಮದಲ್ಲ" ಎಂದು ಮೇಲ್ ಬರೆದರೆ ಲೈನಿನವರು ಒಂದೇ ಸಾಲಿನ ಉತ್ತರ ಕಳಿಸುತ್ತಾರೆ: ಬಿಲ್ ಆಫ್ ಲೇಡಿಂಗ್ ಹಿಂದಿನ ಷರತ್ತು ನೋಡಿ. ಮಾಲು ಹಡಗಿಗೆ ಹಾಕಿದಾಗ ಲೈನ್ ಕೊಡುವ ಆ ಪತ್ರದ ಹಿಂಬದಿಯಲ್ಲಿ ಬರೆದಿರುವುದು ನಿಮ್ಮ ವಿರುದ್ಧವೇ ಇರುತ್ತದೆ. ಬುಕಿಂಗ್ ಮಾಡಿದ್ದು ಚೀನಾದವರಾದರೂ, ಮಾಲು ಬಿಡಿಸಿಕೊಂಡ ನೀವೂ ಆ ಷರತ್ತಿನಲ್ಲಿ 'ಮರ್ಚೆಂಟ್', ಅಂದರೆ ಹಣಕ್ಕೆ ಹೊಣೆಗಾರರು ಆಗುತ್ತೀರಿ. ಮಳೆ, ಮುಷ್ಕರದ ಫೋರ್ಸ್ ಮೆಜ್ಯೂರ್ ಕಲಂ ಸಾಮಾನ್ಯವಾಗಿ ಲೈನನ್ನು ಕಾಯುತ್ತದೆ, ನಿಮ್ಮನ್ನಲ್ಲ. ಹಾಗಾಗಿ ಇಡೀ ಬಿಲ್ಲಿನ ಮೇಲೆ ಜಗಳ ಮಾಡಬೇಡಿ. ಒಂದೊಂದು ದಿನದ ಮೇಲೆ ಮಾಡಿ. ಒಂದು ಹಾಳೆಯಲ್ಲಿ 2ರಿಂದ 22ರವರೆಗೆ ತಾರೀಖು ಬರೆದು, ಆ ದಿನ ಕಂಟೇನರ್ ಎಲ್ಲಿತ್ತು, ಯಾರಿಂದ ನಿಂತಿತು, ಅದಕ್ಕೆ ಯಾವ ಕಾಗದ ಇದೆ ಎಂದು ಎದುರಿಗೆ ತುಂಬಿ.

ಅದಕ್ಕೂ ಮೊದಲು ಫ್ರೀ ದಿನ ನಿಜವಾಗಿ 7 ಹೌದೇ ನೋಡಿ. ಬಿಲ್ ಆಫ್ ಲೇಡಿಂಗ್‌ನ ಮುಂಭಾಗ ನೋಡಿ, ಚೀನಾದವರಿಂದ ಬುಕಿಂಗ್ ಕನ್ಫರ್ಮೇಷನ್ ತರಿಸಿ. ಅಲ್ಲಿ 14 ದಿನ ಫ್ರೀ ಎಂದು ಒಪ್ಪಿಕೊಂಡಿದ್ದರೂ ಇಲ್ಲಿನ ಆಫೀಸಿನವರು ಮಾಮೂಲಿ ಟ್ಯಾರಿಫ್‌ನಲ್ಲಿ ಬಿಲ್ ಹಾಕುವುದುಂಟು. ಇಳಿದ ದಿನವೇ ಎಣಿಕೆ ಶುರುವೋ, ಮರುದಿನವೋ ಎಂಬುದನ್ನೂ ಅದೇ ಲೈನಿನ ಟ್ಯಾರಿಫ್‌ನಲ್ಲಿ ನೋಡಿ. ನಿಮಗೆ 2ರಿಂದಲೇ ಎಣಿಸಿದ್ದಾರೆ. ಅದಕ್ಕೇ ಫ್ರೀ 8ಕ್ಕೆ ಮುಗಿದು, 9ರಿಂದ 22ರವರೆಗೆ 14 ದಿನ ಆಗಿದೆ.

ಈಗ ನಿಮ್ಮ ಮೂರು ತಡಗಳು. ಮೂರಕ್ಕೂ ಒಂದೇ ತೂಕ ಇಲ್ಲ.

ಗಟ್ಟಿ ಇರುವುದು ಕೊನೆಯದು. ನೀವು 20ಕ್ಕೆ ಕಂಟೇನರ್ ವಾಪಸ್ ಕೊಡಲು ಹೋದಿರಿ, ಲೈನ್ ಹೇಳಿದ ಯಾರ್ಡ್ ತಗೊಳ್ಳಲಿಲ್ಲ. ತಾನೇ ತಗೊಳ್ಳದೆ ಅದೇ ದಿನಕ್ಕೆ ಬಾಡಿಗೆ ಕೇಳುವುದು ನ್ಯಾಯ ಅಲ್ಲ ಅಲ್ವಾ? 21, 22 ಎರಡೂ ದಿನ ಹೋಗಬೇಕು. ಆದರೆ ನೀವು 20ಕ್ಕೇ ಹೋಗಿದ್ದಿರಿ ಎಂದು ತೋರಿಸಬೇಕು. ಡ್ರೈವರ್ ಗೇಟಿನಲ್ಲಿ ತೆಗೆದ ಫೋಟೋ, ಅವತ್ತೇ ಕಳಿಸಿದ ಮೇಲ್ ಅಥವಾ ವಾಟ್ಸಾಪ್ ಇದ್ದರೆ ಒಳ್ಳೆಯದು. ಏನೂ ಇಲ್ಲದಿದ್ದರೆ ಲಾರಿಯ ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ತೆಗೆಸಿ. ಚೆನ್ನೈ ಹತ್ತಿರದ ಟೋಲ್ ದಾಟಿದ ಹೊತ್ತು ಅದರಲ್ಲಿ ಇರುತ್ತದೆ. ಕಂಟೇನರ್ ಓಡಾಟ ತೋರಿಸುವ ldb.co.in ತಾಣದಲ್ಲಿ ಕಂಟೇನರ್ ನಂಬರ್ ಹಾಕಿದರೆ ಅದು ಬಂದರಿನಿಂದ ಹೊರಟ ಸಮಯವೂ ಸಿಗುತ್ತದೆ.

ಎರಡನೆಯದು ಕಸ್ಟಮ್ಸ್‌ನ 3 ದಿನ. ಇದಕ್ಕೆ ಕಾನೂನಿನ ಬೆಂಬಲ ಇದೆ, ಬಹಳ ಜನ ಕೇಳುವುದೇ ಇಲ್ಲ. ಸೀ ಕಾರ್ಗೋ ಮ್ಯಾನಿಫೆಸ್ಟ್ ಅಂಡ್ ಟ್ರಾನ್ಸ್‌ಶಿಪ್‌ಮೆಂಟ್ ರೆಗ್ಯುಲೇಷನ್ಸ್, 2018ರ 10ನೇ ನಿಯಮ ನೋಡಿ. ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ ಬರೆದದ್ದು ಸರಿಯೇ ಎಂದು ನೋಡಲು ಕಸ್ಟಮ್ಸ್ ಮಾಲು ತಡೆದು, ಎಲ್ಲ ಸರಿ ಇದ್ದರೆ, ಲೈನ್ ಆ ದಿನಗಳಿಗೆ ಡಿಟೆನ್ಷನ್ ಕೇಳುವಂತಿಲ್ಲ. ಈ ರಕ್ಷಣೆ 60 ದಿನದವರೆಗೆ. "ಮಾಮೂಲಿ ಪರೀಕ್ಷೆ ತಡೆ ಹಿಡಿದಂತಲ್ಲ" ಎಂದು ಲೈನ್ ವಾದಿಸುತ್ತದೆ. ಅದಕ್ಕೆ ನಿಮ್ಮ ಕಸ್ಟಮ್ಸ್ ಏಜೆಂಟ್, ಅಂದರೆ ಸಿಎಚ್‌ಎ ಹತ್ತಿರ ಪರೀಕ್ಷೆಯ ಆದೇಶ ಮತ್ತು ಕಸ್ಟಮ್ಸ್ ಏನೂ ತಿದ್ದದೆ ಮಾಲು ಬಿಟ್ಟುಕೊಟ್ಟ ಔಟ್ ಆಫ್ ಚಾರ್ಜ್ ಆದೇಶ ಎರಡನ್ನೂ ತಗೊಂಡು ಜೊತೆಗಿಡಿ. ನಿಮ್ಮ ಕಾಗದಪತ್ರ ಕಮ್ಮಿ ಬಿದ್ದು ಕಸ್ಟಮ್ಸ್ ಕ್ವೆರಿ ಬಂದು ಹೋದ ದಿನಗಳನ್ನು ಇದರಲ್ಲಿ ಸೇರಿಸಬೇಡಿ. ಒಂದು ಸುಳ್ಳು ದಿನ ಸಿಕ್ಕರೆ ಉಳಿದವನ್ನೂ ನಂಬುವುದಿಲ್ಲ.

ಮಳೆಯ 4 ದಿನ ಎಲ್ಲಕ್ಕಿಂತ ದುರ್ಬಲ. ಅವು ಬಿಲ್ ಆದ ದಿನಗಳಲ್ಲಿ ಇಲ್ಲ, ನಿಮ್ಮ ಫ್ರೀ ದಿನಗಳನ್ನು ತಿಂದಿವೆ. ಹಾಗಾಗಿ ನೀವು ಕೇಳಬೇಕಾದದ್ದು ಫ್ರೀ ಅವಧಿ 4 ದಿನ ಮುಂದಕ್ಕೆ ಹಾಕಿ ಎಂದು. ಇದು ಹಕ್ಕಲ್ಲ, ವ್ಯಾಪಾರದ ರಿಯಾಯಿತಿ. ಲೈನ್ ಮೊದಲು ನೋಡುವುದು ಒಂದೇ: ಗೇಟ್ ತೆರೆದಿದ್ದರೆ ಇವರು ನಿಜವಾಗಿಯೂ ಕಂಟೇನರ್ ಎತ್ತುತ್ತಿದ್ದರೇ? ಹಡಗು ಬರುವ ಮೊದಲೇ ಬಿಲ್ ಆಫ್ ಎಂಟ್ರಿ ಹಾಕಿದ್ದರೆ ಹೌದು ಎನ್ನಬಹುದು. 9ಕ್ಕೆ ಹಾಕಿದ್ದರೆ ಮಳೆಯ ಹೆಸರು ಎತ್ತದಿರುವುದೇ ಲೇಸು. ಟರ್ಮಿನಲ್ ಹೊರಡಿಸಿದ ಗೇಟ್ ಬಂದ್ ಸುತ್ತೋಲೆ ಬೇಕು, ಪೇಪರ್ ಕಟಿಂಗ್ ನಡೆಯುವುದಿಲ್ಲ.

ಲೆಕ್ಕ ನೋಡಿ. ಯಾರ್ಡ್‌ನ 2, ಕಸ್ಟಮ್ಸ್‌ನ 3, ಒಟ್ಟು 5 ದಿನ ಹೋದರೆ ಉಳಿಯುವುದು 9. ಅಂದರೆ 7 ದಿನ 40ರಂತೆ 280, 2 ದಿನ 80ರಂತೆ 160, ಒಟ್ಟು 440 ಡಾಲರ್. ಕಸ್ಟಮ್ಸ್‌ನ ದಿನಗಳು 40ರ ಸ್ಲ್ಯಾಬ್‌ನಲ್ಲಿದ್ದವು ನಿಜ. ಆದರೆ ಮಧ್ಯದಿಂದ ದಿನ ತೆಗೆದಾಗ ಅದರ ನಂತರದ ದಿನಗಳು ಕೆಳಗಿನ ಸ್ಲ್ಯಾಬ್‌ಗೆ ಜಾರುತ್ತವೆ. ಆದ್ದರಿಂದ ಪ್ರತಿ ದಿನಕ್ಕೂ 80 ಉಳಿಯಬೇಕು. ಲೈನ್ ಆ 3 ದಿನಕ್ಕೆ 40ರಂತೆ ಕಳೆದು ಕೊಟ್ಟರೆ ಒಪ್ಪಬೇಡಿ. ಮಳೆಯ 4 ದಿನವೂ ಸಿಕ್ಕರೆ ಉಳಿಯುವುದು 5 ದಿನ, 200 ಡಾಲರ್. ಲಾರಿ ಗಂಗಾವತಿಗೆ ಬಂದು, ಮಷಿನ್ ಇಳಿಸಿ, ವಾಪಸ್ ಹೋದ ದಿನಗಳು ನಿಮ್ಮವೇ.

ಬರೆಯುವಾಗ ಒಪ್ಪಿದ ಮೊತ್ತ ಇಷ್ಟು, ತಕರಾರು ಇಷ್ಟು ಎಂದು ಬೇರೆ ಬೇರೆ ತೋರಿಸಿ, ಒಪ್ಪಿದ್ದನ್ನು ಕೂಡಲೇ ಕಟ್ಟಿ. ಪೂರ್ತಿ ಕಟ್ಟಲೇಬೇಕಾದ ಪರಿಸ್ಥಿತಿ ಬಂದರೆ, ಕಟ್ಟುವ ಮೊದಲೇ 'ಅಂಡರ್ ಪ್ರೊಟೆಸ್ಟ್' ಎಂದು ಮೇಲ್ ಕಳಿಸಿ. ಸುಮ್ನೆ ಕೂತರೆ ಲೈನ್ ನಿಮ್ಮ ಡೆಪಾಸಿಟ್ ಹಿಡಿಯುತ್ತದೆ, ಸಿಎಚ್‌ಎಯ ಬೇರೆ ಕಂಟೇನರ್‌ಗಳಿಗೆ ಡೆಲಿವರಿ ಆರ್ಡರ್ ನಿಲ್ಲಿಸಲೂಬಹುದು. ಆಗ ಸಿಎಚ್‌ಎಯೇ "ಕಟ್ಟಿಬಿಡಿ ಸರ್" ಎನ್ನುತ್ತಾರೆ. ಅವರ ಕಷ್ಟ ಅದು, ಬೈಯಬೇಡಿ.

ಚೆನ್ನೈ ಆಫೀಸ್ ಒಪ್ಪದಿದ್ದರೆ ಲೈನಿನ ಮುಖ್ಯ ಆಫೀಸಿಗೆ, ಆಮೇಲೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ಗೆ ದೂರು ಕೊಡಿ. ಅಮೆರಿಕದ ಮ್ಯಾರಿಟೈಮ್ ಕಮಿಷನ್ ನಿಯಮ, 2020ರ ಲಾಕ್‌ಡೌನ್ ಕಾಲದ ಡಿಜಿ ಶಿಪ್ಪಿಂಗ್ ಆದೇಶ ಎರಡನ್ನೂ ಜನ ದೂರಿನಲ್ಲಿ ಅಂಟಿಸುತ್ತಾರೆ. ಮೊದಲನೆಯದು ನಮ್ಮ ಆಮದಿಗೆ ಅನ್ವಯಿಸುವುದಿಲ್ಲ, ಎರಡನೆಯದು ಆ ತಾರೀಖುಗಳಿಗಷ್ಟೇ ಇತ್ತು. ಕೋರ್ಟಿಗೆ ಹೋದರೆ ಕಾಂಟ್ರ್ಯಾಕ್ಟ್ ಆಕ್ಟ್‌ನ 74ನೇ ಕಲಂ ಹಿಡಿದು, ಬೇಡಿಕೆ ನ್ಯಾಯವಾದ ಪರಿಹಾರಕ್ಕಿಂತ ಜಾಸ್ತಿ ಎಂದು ವಾದಿಸಬಹುದು. ಆದರೆ 840 ಡಾಲರ್‌ಗೆ ವಕೀಲರ ಫೀಸೇ ಜಾಸ್ತಿ ಆದೀತು. ಯಾವ ಊರಿನ ಕೋರ್ಟ್ ಎಂಬುದನ್ನೂ ಆ ಹಿಂದಿನ ಷರತ್ತೇ ಹೇಳುತ್ತದೆ, ಅದು ಗಂಗಾವತಿ ಆಗಿರುವುದಿಲ್ಲ.

ಬಂದರಿನ ಹೊರಗೆ ಕಂಟೇನರ್ ಇಡುವ ಸಿಎಫ್‌ಎಸ್‌ನವರು ಜಾಗದ ಬಾಡಿಗೆ, ಅಂದರೆ ಗ್ರೌಂಡ್ ರೆಂಟ್ ಬಿಲ್ ಹಾಕಿದ್ದರೆ ಅದು ಬೇರೆ, ಅವರಿಗೇ ಬೇರೆ ಪತ್ರ ಬರೆಯಿರಿ. ಲೈನ್ ಬಿಟ್ಟುಕೊಟ್ಟರೆ ಬಾಯಿಮಾತಿನ ಡಿಸ್ಕೌಂಟ್ ಒಪ್ಪಬೇಡಿ, ಕ್ರೆಡಿಟ್ ನೋಟ್ ಕೇಳಿ. ಆ ಮೊತ್ತದ ಮೇಲೆ ಹಾಕಿದ ಜಿಎಸ್‌ಟಿಯೂ ಆಗಲೇ ಕಡಿಮೆಯಾಗುವುದು.