ವೈಫೈಯೋ ಕೇಬಲ್ಲೋ: ಲ್ಯಾಗ್ ಎಲ್ಲಿ ಹುಟ್ಟುತ್ತಿದೆಯೆಂದು ಮೊದಲು ಅಳೆಯಿರಿ

ಪ್ರಶ್ನೆ: ಮಂಜೇಶ್ವರದ ಬಳಿ ನಮ್ಮ ಮನೆ. ಪಿಎಸ್5ನಲ್ಲಿ ಆನ್‌ಲೈನ್ ಫುಟ್‌ಬಾಲ್ ಆಡುವಾಗ ಆಗಾಗ ಆಟಗಾರ ನಿಂತಲ್ಲೇ ನಿಂತು, ಮರುಕ್ಷಣ ಎಲ್ಲೋ ಹಾರಿ ಬೀಳುತ್ತಾನೆ. ಸ್ಪೀಡ್ ಟೆಸ್ಟ್ ಮಾತ್ರ 90 ಎಂಬಿಪಿಎಸ್ ತೋರಿಸುತ್ತದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದರೆ ಸರಿಹೋಗುತ್ತದೆಯೇ?

ಸರಿಹೋಗುವ ಸಂಭವ ಹೆಚ್ಚು, ಆದರೆ ಪೂರ್ತಿಯಾಗಿ ಸರಿಹೋಗುತ್ತದೆಂದು ಅಳೆಯದೆ ಹೇಳಲಾಗದು. ಬದಿಯಡ್ಕದ ಕಡೆ ಇರುವ ನನ್ನ ಮನೆಯಲ್ಲಿ ಇದೇ ತೊಂದರೆಗೆ ಕೇಬಲ್ ಎಳೆದಾಗ ಅರ್ಧ ಭಾಗ ಮಾತ್ರ ಪರಿಹಾರವಾಯಿತು. ಉಳಿದರ್ಧದ ಕಾರಣ ಬೇರೆಯೇ ಇತ್ತು.

ಸ್ಪೀಡ್ ಟೆಸ್ಟ್‌ನ 90 ಎಂಬಿಪಿಎಸ್ ಅನ್ನು ಸದ್ಯಕ್ಕೆ ಮರೆತುಬಿಡಿ. ಇಂತಹ ಆಟಗಳಿಗೆ ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಅವು ಸೆಕೆಂಡಿಗೆ ಹತ್ತಾರು ಪುಟ್ಟ ಪ್ಯಾಕೆಟ್‌ಗಳನ್ನು ಕಳುಹಿಸುತ್ತವೆ, ಮತ್ತು ಆ ಪ್ರತಿಯೊಂದೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುವಾಗ ಒಂದು ಪ್ಯಾಕೆಟ್ 250 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ 15 ಚಿತ್ರಗಳು ಕಳೆದುಹೋಗಿರುತ್ತವೆ. ನಿಮ್ಮ ಆಟಗಾರ ಹಾರಿ ಬೀಳುವುದು ಆ ಅಂತರದಲ್ಲಿ.

ವೈಫೈಯಲ್ಲಿ ಈ ತಡ ಹುಟ್ಟುವ ಬಗೆ ಹೀಗಿದೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತನಾಡಬಹುದು. ಉಳಿದವು ಅದು ಮೌನವಾಗುವವರೆಗೆ ಕಾದು, ಆಮೇಲೂ ಪ್ರತಿ ಬಾರಿ ಬದಲಾಗುವ ಒಂದು ಸಣ್ಣ ಅವಧಿ ತಡೆದು, ತಮ್ಮ ಸರದಿ ಹಿಡಿಯಬೇಕು. ಕಳುಹಿಸಿದ ಪ್ಯಾಕೆಟ್‌ಗೆ 'ತಲುಪಿತು' ಎಂಬ ಉತ್ತರ ಬಾರದಿದ್ದರೆ ಅದನ್ನೇ ಮತ್ತೆ ಕಳುಹಿಸಲಾಗುತ್ತದೆ, ಅದೂ ಆಗದಿದ್ದರೆ ವೇಗವನ್ನು ತಗ್ಗಿಸಿ ಇನ್ನೊಮ್ಮೆ. ಹೀಗಾಗಿ ಗಾಳಿಯಲ್ಲಿ ಆದ ನಷ್ಟವು ಆಟಕ್ಕೆ ನಷ್ಟವಾಗಿ ಕಾಣದೆ ತಡವಾಗಿ ಕಾಣುತ್ತದೆ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆಗಳು, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದ ಗೋಡೆಗಳು, ಸಿಗ್ನಲ್ಲನ್ನು ಚೆನ್ನಾಗಿಯೇ ತಿನ್ನುತ್ತವೆ. ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯೆಂದರೆ ದೂರದ ಫೋನು. 1500 ಬೈಟಿನ ಒಂದು ಪ್ಯಾಕೆಟ್ 300 ಎಂಬಿಪಿಎಸ್ ವೇಗದಲ್ಲಿ 0.04 ಮಿಲಿಸೆಕೆಂಡಿನಲ್ಲಿ ಹೋಗಿಬಿಡುತ್ತದೆ. ಅಂಗಳದಾಚೆ ನಿಂತು 6 ಎಂಬಿಪಿಎಸ್‌ಗೆ ಇಳಿದಿರುವ ಫೋನಿನಿಂದ ಅದೇ ಪ್ಯಾಕೆಟ್ ಹೋಗಲು 2 ಮಿಲಿಸೆಕೆಂಡ್ ಬೇಕು. ಅಂದರೆ ಅಂಗಳದಲ್ಲಿ ವಿಡಿಯೋ ಕರೆ ಮಾಡುತ್ತಿರುವವರು ಪ್ರತಿ ಪ್ಯಾಕೆಟ್‌ಗೂ ಐವತ್ತು ಪಟ್ಟು ಹೊತ್ತು ಚಾನೆಲ್ಲನ್ನು ಹಿಡಿದಿಟ್ಟಿರುತ್ತಾರೆ, ಮತ್ತು ನಿಮ್ಮ ಪಿಎಸ್5 ರೂಟರಿನ ಪಕ್ಕದಲ್ಲೇ ಇದ್ದರೂ ಕಾಯಬೇಕಾಗುತ್ತದೆ. ಕೇಬಲ್‌ನಲ್ಲಿ ಈ ಸರದಿಯೇ ಇಲ್ಲ. ಹೋಗುವುದೂ ಬರುವುದೂ ಒಂದೇ ಹೊತ್ತಿಗೆ ನಡೆಯುತ್ತದೆ.

ಇನ್ನು ಅಳತೆ. ಪಿಎಸ್5ನ `Test Internet Connection` ವೇಗವನ್ನೂ ಎನ್‌ಎಟಿ ಬಗೆಯನ್ನೂ ತೋರಿಸುತ್ತದೆಯೇ ಹೊರತು ಕ್ಷಣಕ್ಷಣದ ಏರಿಳಿತವನ್ನು ತೋರಿಸುವುದಿಲ್ಲ. ಆದ್ದರಿಂದ ವಿಂಡೋಸ್ ಲ್ಯಾಪ್‌ಟಾಪ್ ಒಂದನ್ನು ಪಿಎಸ್5ನ ಪಕ್ಕದಲ್ಲಿಟ್ಟು, ಚಾರ್ಜರ್ ಸಿಕ್ಕಿಸಿ, ಅದೇ ವೈಫೈಗೆ, ಸಾಧ್ಯವಾದರೆ ಅದೇ ಬ್ಯಾಂಡಿಗೆ ಸೇರಿಸಿ. ತೊಂದರೆ ಕಾಣುವ ಹೊತ್ತಿನಲ್ಲೇ ಎರಡು ಕಮಾಂಡ್ ಕಿಟಕಿಗಳನ್ನು ಅಕ್ಕಪಕ್ಕ ತೆರೆದು, ಒಂದೊಂದರಲ್ಲಿ ಒಂದೊಂದು ಸಾಲನ್ನು ಕೊಡಿ:

```
ping -n 600 192.168.1.1
ping -n 600 8.8.8.8
```

ಮೊದಲನೆಯದು ನಿಮ್ಮ ರೂಟರಿನ ವಿಳಾಸವಾಗಿರಬೇಕು. `ipconfig` ಕೊಟ್ಟರೆ `Default Gateway` ಎದುರು ಸರಿಯಾದ ಸಂಖ್ಯೆ ಸಿಗುತ್ತದೆ. ಎರಡನೆಯದು ಮನೆಯ ಹೊರಗಿನದು. ಪಿಂಗ್ ಒಂದು ಪುಟ್ಟ ಪ್ಯಾಕೆಟ್ ಕಳುಹಿಸಿ, ಅದಕ್ಕೆ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ತೋರಿಸುತ್ತದೆ. ಸೆಕೆಂಡಿಗೊಂದರಂತೆ ಹತ್ತು ನಿಮಿಷ ಓಡಲಿ. ಎರಡೂ ಕಿಟಕಿಗಳಲ್ಲಿ ಒಟ್ಟಿಗೆ ಸಂಖ್ಯೆ ಏರಿದರೆ ತಡ ಹುಟ್ಟಿದ್ದು ನಿಮಗೂ ರೂಟರಿಗೂ ನಡುವೆ, ಅಂದರೆ ವೈಫೈಯಲ್ಲಿ. ರೂಟರಿನ ಕಿಟಕಿ ಶಾಂತವಾಗಿದ್ದು ಹೊರಗಿನದು ಮಾತ್ರ ಏರಿದರೆ ಕಾರಣ ರೂಟರಿನಿಂದ ಆಚೆಗಿದೆ, ಕೇಬಲ್ ಅದನ್ನು ಮುಟ್ಟಲಾರದು. ರೂಟರಿನದು ಮಾತ್ರ ಏರಿ ಹೊರಗಿನದು ಸುಮ್ಮನಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಂಗ್‌ಗೆ ಉತ್ತರಿಸುವುದು ರೂಟರಿಗೆ ಕೊನೆಯ ಕೆಲಸವಾದ್ದರಿಂದ ಅದು ಕೆಲವೊಮ್ಮೆ ನಿಧಾನಿಸುತ್ತದೆ.

ಕೊನೆಯಲ್ಲಿ ಬರುವ ಸರಾಸರಿಯನ್ನು ನಂಬಿ ನಾನು ಒಂದು ವಾರ ಕಳೆದುಕೊಂಡೆ. ನನ್ನ ಮೊದಲ ಪರೀಕ್ಷೆಯಲ್ಲಿ ರೂಟರಿನ ಸರಾಸರಿ 8 ಮಿಲಿಸೆಕೆಂಡ್ ಎಂದು ಬಂದಾಗ ವೈಫೈ ನಿರ್ದೋಷಿ ಎಂದುಕೊಂಡಿದ್ದೆ. ಆಮೇಲೆ ಸಾಲುಸಾಲಾಗಿ ನೋಡಿದರೆ 588 ಉತ್ತರಗಳು 3 ಮಿಲಿಸೆಕೆಂಡ್ ಆಸುಪಾಸಿನಲ್ಲಿದ್ದವು, ಉಳಿದ 12 ಮಾತ್ರ 250ರ ಸುತ್ತ ಇದ್ದವು. ಹತ್ತು ನಿಮಿಷದಲ್ಲಿ ಹನ್ನೆರಡು ಬಾರಿ ಆಟ ಕೆಡಲು ಅಷ್ಟು ಸಾಕು. ಆದ್ದರಿಂದ ಸರಾಸರಿಯನ್ನು ಬಿಟ್ಟು, `Maximum` ಎಷ್ಟಿದೆ, 50 ದಾಟಿದವು ಎಷ್ಟಿವೆ, `Request timed out` ಎಷ್ಟು ಬಾರಿ ಬಂದಿದೆ ಎಂಬುದನ್ನು ಎಣಿಸಿ.

ಚಾವಡಿಯಲ್ಲಿದ್ದ ರೂಟರಿನಿಂದ ಮಾಳಿಗೆಯ ಕೋಣೆಗೆ 18 ಮೀಟರ್ ಕ್ಯಾಟ್6 ಕೇಬಲ್ ಎಳೆದ ಮೇಲೆ ರೂಟರಿನ ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕೆಳಗೆ ಬಂದು ಅಲ್ಲೇ ನಿಂತಿತು. ಹಗಲಿನ ಆಟವೆಲ್ಲ ಸರಿಯಾಯಿತು. ಆದರೆ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಹೊರಗಿನ ಪಿಂಗ್ ಮಾತ್ರ 30ರಿಂದ 430ಕ್ಕೆ ಏರಿ, ಕೆಲವು ನಿಮಿಷ ಹಾಗೆಯೇ ಇರುತ್ತಿತ್ತು. ಅಕ್ಕ ಅಂಗಡಿಯಿಂದ ಬಂದು ಫೋನನ್ನು ಚಾರ್ಜಿಗೆ ಹಾಕುವುದು ಅದೇ ಹೊತ್ತಿಗೆ, ಮತ್ತು ಆ ದಿನದ ಫೋಟೋಗಳೆಲ್ಲ ಆಗಲೇ ಬ್ಯಾಕಪ್‌ಗೆ ಹೊರಡುತ್ತಿದ್ದವು. ನಮ್ಮದು ಅಪ್‌ಲೋಡ್ 10 ಎಂಬಿಪಿಎಸ್‌ನ ಸಂಪರ್ಕ. ಫೋನು ಅದಕ್ಕಿಂತ ವೇಗವಾಗಿ ತುಂಬಿದಾಗ ಹೆಚ್ಚಿನದ್ದು ರೂಟರಿನೊಳಗೆ ಸರತಿ ನಿಲ್ಲುತ್ತದೆ. ಆ ಸರತಿ 500 ಕಿಲೋಬೈಟ್ ಆದರೆ ಖಾಲಿಯಾಗಲು 0.4 ಸೆಕೆಂಡ್ ಬೇಕು, ಮತ್ತು ಪಾಸ್ ಕೊಡಲು ಒತ್ತಿದ ನನ್ನ ಬಟನ್ನಿನ ಪುಟ್ಟ ಪ್ಯಾಕೆಟ್ ಆ ಫೋಟೋಗಳ ಬೆನ್ನ ಹಿಂದೆ ನಿಂತಿರುತ್ತದೆ. 30ಕ್ಕೆ 400 ಕೂಡಿಸಿದರೆ ಲೆಕ್ಕ ಸರಿಯಾಗಿಯೇ ಕೂಡಿಕೊಳ್ಳುತ್ತದೆ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಪರೀಕ್ಷಿಸಲು ರಾತ್ರಿಯವರೆಗೆ ಕಾಯಬೇಕಿಲ್ಲ: ಪಿಂಗ್ ಓಡುತ್ತಿರುವಾಗಲೇ ಯಾವುದಾದರೂ ಫೋನಿನಿಂದ ದೊಡ್ಡ ವಿಡಿಯೋವೊಂದನ್ನು ಅಪ್‌ಲೋಡ್‌ಗೆ ಹಾಕಿ ನೋಡಿದರಾಯಿತು.

ನಾನು ಈ ಸರತಿಯನ್ನು ನಿಭಾಯಿಸುವ ಎಸ್‌ಕ್ಯೂಎಂ ಸೌಲಭ್ಯವಿದ್ದ ಬೇರೆ ರೂಟರ್ ಹಾಕಿ ಅಪ್‌ಲೋಡ್ ಮಿತಿಯನ್ನು 9 ಎಂಬಿಪಿಎಸ್‌ಗೆ ಇಳಿಸಿದೆ. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸರತಿ ನಮ್ಮ ಕೈಯಲ್ಲಿರುತ್ತದೆ, ಮತ್ತು ಎಸ್‌ಕ್ಯೂಎಂ ಸಣ್ಣ ಪ್ಯಾಕೆಟ್‌ಗಳಿಗೆ ನಡುವೆ ದಾರಿ ಬಿಡುತ್ತದೆ. ಬ್ಯಾಕಪ್ ನಡೆಯುತ್ತಿದ್ದರೂ ಪಿಂಗ್ 40 ದಾಟಲಿಲ್ಲ. ಸಂಪರ್ಕದ ಜೊತೆ ಬರುವ ಪೆಟ್ಟಿಗೆಗಳಲ್ಲಿ ಈ ಸೌಲಭ್ಯ ಇಲ್ಲದಿರುವುದೇ ಹೆಚ್ಚು. ಖರ್ಚು ಬೇಡವೆಂದರೆ ಬ್ಯಾಕಪ್ ಅನ್ನು ಆಟದ ಹೊತ್ತಿನಲ್ಲಿ ನಿಲ್ಲಿಸಿಟ್ಟರೂ ಆದೀತು.

ಎರಡೂ ಕಿಟಕಿಗಳು ಶಾಂತವಾಗಿದ್ದು ಆಟ ಮಾತ್ರ ಕೆಡುತ್ತಿದ್ದರೆ ತಪ್ಪು ಆಟದ ಸರ್ವರಿನದೋ ಅಲ್ಲಿಗೆ ಹೋಗುವ ದಾರಿಯದೋ ಆಗಿರುತ್ತದೆ, ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಅಳತೆ ವೈಫೈಯನ್ನೇ ತೋರಿಸಿದರೆ ಶುದ್ಧ ತಾಮ್ರದ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ಕೊಳ್ಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯದ್ದು ಅಗ್ಗವಾದರೂ ಬೇಗ ತುಂಡಾಗುತ್ತದೆ. ಅದನ್ನು ಮನೆಯ ಒಳಗಿನಿಂದಲೇ ಎಳೆಯಿರಿ, ಹೊರಗೋಡೆಯ ಮೇಲಿಂದಾಗಲಿ ಹಟ್ಟಿಯ ಮಾಡಿನ ಮೇಲಿಂದಾಗಲಿ ಬೇಡ. ಬೇಸಿಗೆಯ ಕೊನೆಯಲ್ಲೂ ತುಲಾ ತಿಂಗಳ ಸಂಜೆಗಳಲ್ಲೂ ನಮ್ಮಲ್ಲಿ ಬರುವ ಸಿಡಿಲಿಗೆ ಎಲ್ಲರೂ ಕರೆಂಟಿನ ಪ್ಲಗ್ ಕೀಳುತ್ತಾರೆ, ಲ್ಯಾನ್ ಕೇಬಲ್ ಕೀಳಲು ಮರೆಯುತ್ತಾರೆ. ಗುಡುಗು ಕೇಳಿದರೆ ಪಿಎಸ್5ನ ಬೆನ್ನಿನಿಂದ ಅದನ್ನೂ ಕಿತ್ತಿಡಿ.